ಪಿಐಎಲ್, ಬಳ್ಳಾರಿ ಗಣಿ ಮತ್ತು ಕೋರ್ಟಿನ ಗೆರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸಾರ್ವಜನಿಕ ಹಿತಾಸಕ್ತಿ ಅರ್ಜಿ, ಅಂದರೆ ಪಿಐಎಲ್, ಅಂದ ಕೂಡಲೇ ಜನ ನನ್ನನ್ನು ಎರಡು ಥರ ಕೇಳುತ್ತಾರೆ. ಕೋರ್ಟ್ ಇಲ್ಲದಿದ್ದರೆ ನಮ್ಮ ಗತಿ ಏನು ಅನ್ನುವವರು ಒಂದು ಕಡೆ. ಕೋರ್ಟೇ ಸರ್ಕಾರ ನಡೆಸೋದಾದರೆ ನಾವು ವೋಟ್ ಹಾಕೋದು ಯಾಕೆ ಅನ್ನುವವರು ಇನ್ನೊಂದು ಕಡೆ. ಇಬ್ಬರಿಗೂ ಉತ್ತರ ಹೇಳುವಾಗ ನಾನು ಬಳ್ಳಾರಿಯ ಅಕ್ರಮ ಕಬ್ಬಿಣದ ಅದಿರು ಗಣಿ ಪ್ರಕರಣವನ್ನೇ ಮುಂದಿಡುತ್ತೇನೆ. ಕೋರ್ಟ್ ಒಳಗೆ ಬಂದಿದ್ದು ಯಾಕೆ, ಬಂದು ಏನು ಮಾಡಿತು, ಹೊರಗೆ ಹೋಗೋದು ಯಾಕೆ ಕಷ್ಟವಾಯಿತು, ಈ ಮೂರೂ ಅದರಲ್ಲಿ ಕಾಣುತ್ತವೆ. ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಲ್ಲೇ ಇಲ್ಲಿ ಇಟ್ಟಿದ್ದೇನೆ.

## ಮೊದಲು ತಿಳಿಯಬೇಕಾದ್ದು

ಪಿಐಎಲ್ ಅಂದ್ರೆ ಏನು? ಮಾಮೂಲಿ ಕೇಸಿಗೂ ಇದಕ್ಕೂ ಏನು ವ್ಯತ್ಯಾಸ?

ಮಾಮೂಲಿ ಕೇಸಿನಲ್ಲಿ ಯಾರಿಗೆ ನಷ್ಟವಾಗಿದೆಯೋ ಅವರೇ ಕೋರ್ಟಿಗೆ ಬರಬೇಕು. ನನ್ನ ಜಮೀನನ್ನು ಪಕ್ಕದವರು ಒತ್ತುವರಿ ಮಾಡಿದರೆ ನಾನೇ ದಾವೆ ಹಾಕಬೇಕು. ನನ್ನ ಪರವಾಗಿ ಊರಿನ ಇನ್ಯಾರೋ ಹಾಕೋಕೆ ಆಗಲ್ಲ.

ಆದರೆ ನಷ್ಟವಾದವರು ಕೋರ್ಟಿನ ಬಾಗಿಲಿಗೂ ಬರಲಾಗದ ಸ್ಥಿತಿಯಲ್ಲಿದ್ದರೆ? 1979ರಲ್ಲಿ ಬಿಹಾರದ ಜೈಲುಗಳಲ್ಲಿದ್ದ ವಿಚಾರಣಾಧೀನ ಕೈದಿಗಳ ವಿಷಯ ಪತ್ರಿಕೆಯಲ್ಲಿ ಬಂತು. ಆರೋಪ ಸಾಬೀತಾದರೂ ಸಿಗುತ್ತಿದ್ದ ಶಿಕ್ಷೆಗಿಂತ ಜಾಸ್ತಿ ವರ್ಷ ಅವರು ಒಳಗೇ ಕೊಳೆಯುತ್ತಿದ್ದರು. ಆ ವರದಿ ಓದಿದ ವಕೀಲರೊಬ್ಬರು ಸುಪ್ರೀಂ ಕೋರ್ಟಿಗೆ ಹೋದರು. ಅದೇ ಹುಸ್ನಾರಾ ಖಾತೂನ್ ಪ್ರಕರಣ. ಮುಂದೆ 1981ರಲ್ಲಿ ಎಸ್.ಪಿ. ಗುಪ್ತ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಈ ದಾರಿಯನ್ನು ಸ್ಪಷ್ಟ ಮಾತಿನಲ್ಲಿ ತೆರೆದರು. ಬಡತನದಿಂದಲೋ ಅಸಹಾಯಕತೆಯಿಂದಲೋ ಒಬ್ಬರು ಕೋರ್ಟಿಗೆ ಬರಲಾಗದಿದ್ದರೆ, ಪ್ರಾಮಾಣಿಕ ಉದ್ದೇಶದ ಯಾರು ಬೇಕಾದರೂ ಅವರ ಪರ ಬರಬಹುದು ಅಂತ ಆಯಿತು.

ಹೈಕೋರ್ಟಿಗೆ ಹೋದರೆ ಸಂವಿಧಾನದ 226ನೇ ವಿಧಿ, ಸುಪ್ರೀಂ ಕೋರ್ಟಿಗೆ ಹೋದರೆ 32ನೇ ವಿಧಿ. ಅಂದರೆ ಪಿಐಎಲ್ ಅನ್ನೋದು ಸಂಸತ್ತು ಮಾಡಿದ ಯಾವುದೋ ಕಾಯ್ದೆಯಿಂದ ಬಂದದ್ದಲ್ಲ. ಇದ್ದ ರಿಟ್ ಅಧಿಕಾರದ ಬಾಗಿಲನ್ನು ಕೋರ್ಟೇ ಅಗಲ ಮಾಡಿದ್ದು. ಹೀಗಾಗಿಯೇ ಕೋರ್ಟ್ ತನ್ನ ಅಧಿಕಾರವನ್ನು ತಾನೇ ಬೆಳೆಸಿಕೊಂಡಿತು ಅನ್ನುವ ಟೀಕೆ ಮೊದಲ ದಿನದಿಂದಲೂ ಇದೆ.

ಒಂದು ಕಾರ್ಡ್ ಬರೆದು ಹಾಕಿದರೂ ಕೇಸ್ ಆಗುತ್ತಂತೆ, ನಿಜವಾ?

ಆಗಿದ್ದುಂಟು. ತಿಹಾರ್ ಜೈಲಿನ ಒಬ್ಬ ಕೈದಿ, ಪಕ್ಕದ ಕೈದಿಗೆ ಆಗುತ್ತಿದ್ದ ಹಿಂಸೆಯ ಬಗ್ಗೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೊಬ್ಬರಿಗೆ ಕಾಗದ ಬರೆದ. ಅದನ್ನೇ ಅರ್ಜಿ ಎಂದು ತೆಗೆದುಕೊಂಡು 1979ರ ಡಿಸೆಂಬರ್‌ನಲ್ಲಿ ತೀರ್ಪು ಬಂತು.

ಈಗಲೂ ಪತ್ರಗಳನ್ನು ನೋಡುತ್ತಾರೆ. ಆದರೆ ಬರೆದ ಪತ್ರವೆಲ್ಲ ಕೇಸ್ ಆಗಲ್ಲ. ಮೊದಲು ಪರಿಶೀಲನೆ ಆಗುತ್ತದೆ, ಆಮೇಲಷ್ಟೇ ಪೀಠದ ಮುಂದೆ ಹೋಗುತ್ತದೆ. ಕೆರೆ, ರಸ್ತೆ, ಗಣಿಯಂಥ ವಿಷಯಗಳಿಗೆ ದಾಖಲೆ ಲಗತ್ತಿಸಿ, ಅಫಿಡವಿಟ್ ಹಾಕಿ ಸರಿಯಾಗಿ ಅರ್ಜಿ ಸಲ್ಲಿಸುವುದೇ ದಾರಿ.

ಬಳ್ಳಾರಿ ಗಣಿ ಕೇಸ್ ಹಾಕಿದ್ದು ಲೋಕಾಯುಕ್ತರು ಅಲ್ವಾ?

ಅಲ್ಲ. ಈ ಗೊಂದಲ ತುಂಬಾ ಜನರಿಗಿದೆ. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಕೊಟ್ಟಿದ್ದು ವರದಿ. 2008ರಲ್ಲಿ ಒಂದು, 2011ರ ಜುಲೈ 27ರಂದು ಇನ್ನೊಂದು. ಎರಡನೆಯದು ಬಂದ ಕೆಲವೇ ದಿನಗಳಲ್ಲಿ ರಾಜ್ಯದಲ್ಲಿ ಮುಖ್ಯಮಂತ್ರಿ ಬದಲಾದರು. ಆದರೆ ವರದಿಗೆ ಗಣಿ ನಿಲ್ಲಿಸುವ ಶಕ್ತಿ ಇರಲಿಲ್ಲ.

ಗಣಿ ನಿಲ್ಲಿಸಿದ್ದು ಒಂದು ಪಿಐಎಲ್. ಹಾಕಿದ್ದು ಧಾರವಾಡದ ಸಮಾಜ ಪರಿವರ್ತನ ಸಮುದಾಯ. ಎಸ್.ಆರ್. ಹಿರೇಮಠರ ಸಂಸ್ಥೆ ಅದು. 2009ರಲ್ಲಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋದರು, ರಿಟ್ ಅರ್ಜಿ ಸಂಖ್ಯೆ 562. ಈ ಸಂಸ್ಥೆಗೆ ಅದು ಮೊದಲ ಕೇಸೂ ಅಲ್ಲ. 1980ರ ದಶಕದಲ್ಲೇ ತುಂಗಭದ್ರಾ ನದಿಯ ಮಾಲಿನ್ಯದ ವಿರುದ್ಧ, ಹಳ್ಳಿಗರ ಸಾಮುದಾಯಿಕ ಜಮೀನನ್ನು ನೀಲಗಿರಿ ತೋಪಿಗೆ ಕೊಟ್ಟಿದ್ದರ ವಿರುದ್ಧ ಹೋರಾಡಿದ್ದವರು ಇವರು.

## ಕೋರ್ಟ್ ಒಳಗೆ ಬಂದ ಬಗೆ

ಗಣಿ ಇಲಾಖೆ, ಅರಣ್ಯ ಇಲಾಖೆ, ಪೊಲೀಸ್ ಎಲ್ಲಾ ಇದ್ರಲ್ಲ, ಸುಪ್ರೀಂ ಕೋರ್ಟ್ ಯಾಕೆ ಬರಬೇಕಿತ್ತು?

ಇದ್ದರು. ಆ ಇಲಾಖೆಗಳು ಕೆಲಸ ಮಾಡಿದ್ದರೆ ಈ ಅರ್ಜಿ ಮೊದಲ ದಿನವೇ ವಜಾ ಆಗಬೇಕಿತ್ತು.

ಒಂದು ಅದಿರು ಲಾರಿಯನ್ನು ಹಿಡಿದು ನೋಡೋಣ. ಅದು ಸಂಡೂರಿನ ಗುಡ್ಡದಿಂದ ಹೊರಡಬೇಕಾದರೆ ಗಣಿ ಇಲಾಖೆಯ ಪರ್ಮಿಟ್ ಬೇಕು. ಅರಣ್ಯದ ಅದಿರಾದರೆ ಅರಣ್ಯ ಇಲಾಖೆಯ ಪಾಸ್ ಬೇಕು. ದಾರಿಯಲ್ಲಿ ಚೆಕ್‌ಪೋಸ್ಟ್, ಓವರ್‌ಲೋಡ್ ನೋಡಲು ಆರ್‌ಟಿಒ, ಕೊನೆಗೆ ಬಂದರು. ಇಷ್ಟು ಕಡೆ ತಡೆಯಬಹುದಿತ್ತು. ಅಷ್ಟೂ ಕಡೆ ದಾಟಿ ಪರ್ಮಿಟ್ ಇಲ್ಲದ ಅದಿರು ಹಡಗು ಹತ್ತಿತು. 2010ರಲ್ಲಿ ಬೇಲೆಕೇರಿ ಬಂದರಿನಲ್ಲಿ ಅರಣ್ಯ ಇಲಾಖೆಯವರು ಜಪ್ತಿ ಮಾಡಿಟ್ಟಿದ್ದ ಲಕ್ಷಾಂತರ ಟನ್ ಅದಿರು ಕೂಡ ಅಲ್ಲಿಂದ ಕಾಣೆಯಾಯಿತು. ಸರ್ಕಾರದ ವಶದಲ್ಲಿದ್ದ ಮಾಲೇ ಉಳಿಯಲಿಲ್ಲ ಅಂದಮೇಲೆ ಅದೇ ಸರ್ಕಾರಕ್ಕೆ ಮತ್ತೊಂದು ದೂರು ಕೊಟ್ಟು ಏನು ಪ್ರಯೋಜನ?

ಕೋರ್ಟ್ ಕೇಳಿಕೊಂಡ ಪ್ರಶ್ನೆಯೂ ಇದೇ. ಯಾವನೋ ಒಬ್ಬ ಅಧಿಕಾರಿ ತಪ್ಪಿದನೋ, ಇಡೀ ವ್ಯವಸ್ಥೆಯೇ ಕುಸಿದಿದೆಯೋ? ಒಬ್ಬನ ತಪ್ಪಾದರೆ ಕಾಯ್ದೆಯಲ್ಲಿ ದಾರಿ ಇದೆ. ವ್ಯವಸ್ಥೆಯೇ ಕುಸಿದಾಗ ಕೋರ್ಟ್ ಬರುವುದನ್ನು ನಾನು ಮಿತಿಮೀರಿದ್ದು ಅನ್ನಲ್ಲ.

ಸಿಇಸಿ ಸಿಇಸಿ ಅಂತಾರಲ್ಲ, ಅದು ಸರ್ಕಾರದ್ದಾ ಕೋರ್ಟಿನದ್ದಾ?

ಕೋರ್ಟ್ ಹುಟ್ಟುಹಾಕಿದ್ದು. ಪೂರ್ತಿ ಹೆಸರು ಕೇಂದ್ರೀಯ ಉನ್ನತಾಧಿಕಾರ ಸಮಿತಿ. ಅದರ ಮೂಲ ಗೋದಾವರ್ಮನ್ ಪ್ರಕರಣದಲ್ಲಿದೆ. ನೀಲಗಿರಿ ಕಡೆಯ ಕಾಡು ಕಡಿಯುವುದರ ವಿರುದ್ಧ 1995ರಲ್ಲಿ ಶುರುವಾದ ಆ ಅರ್ಜಿ ಬೆಳೆದು ಬೆಳೆದು ಇಡೀ ದೇಶದ ಕಾಡಿನ ಕೇಸ್ ಆಯಿತು. ಅದರ ಆದೇಶಗಳು ಪಾಲನೆ ಆಗುತ್ತಿವೆಯೋ ಇಲ್ಲವೋ ನೋಡಲು 2002ರಲ್ಲಿ ಈ ಸಮಿತಿ ಬಂತು. ನಮ್ಮ ಕುದುರೆಮುಖದ ಗಣಿ 2005ರ ಕೊನೆಗೆ ನಿಂತದ್ದೂ ಇದೇ ಸಾಲಿನ ಆದೇಶದಿಂದ.

ಬಳ್ಳಾರಿ ವಿಷಯದಲ್ಲಿ ಕೋರ್ಟಿಗೆ ಕಣ್ಣು ಕಿವಿ ಆಗಿದ್ದು ಈ ಸಮಿತಿ. ಜಡ್ಜ್‌ಗಳು ಗುಡ್ಡ ಹತ್ತಿ ಅಳತೆ ಮಾಡೋಕೆ ಆಗಲ್ಲ. 2011ರ ಮೇ 6ರಂದು ಕೋರ್ಟ್ ಒಂದು ಜಂಟಿ ತಂಡ ಮಾಡಿತು. ಗುತ್ತಿಗೆಯ ನಕ್ಷೆ ಹಿಡಿದು ಸ್ಥಳಕ್ಕೆ ಹೋಗಬೇಕು, ಗಡಿ ಎಲ್ಲಿದೆ, ಗುಂಡಿ ಎಲ್ಲಿದೆ ಅಂತ ಸರ್ವೆ ಮಾಡಬೇಕು. ಮೊದಲಿಗೆ 117 ಗುತ್ತಿಗೆಗಳ ಸರ್ವೆ. ಗಡಿಕಲ್ಲು ಇರಬೇಕಾದ ಜಾಗದಲ್ಲಿ ಇರಲಿಲ್ಲ, ಕಾಗದದ ಗಡಿಗೂ ನೆಲದ ಗಡಿಗೂ ತಾಳೆ ಆಗುತ್ತಿರಲಿಲ್ಲ. ಈ ಇಡೀ ಪ್ರಕರಣದ ಬುಡ ಇರುವುದು ಈ ಸರ್ವೆಯಲ್ಲಿ. ಮುಂದೆ ಬಂದ ಆದೇಶಗಳೆಲ್ಲ ಇದರ ಮೇಲೇ ನಿಂತಿವೆ.

ಒಂದೇ ಏಟಿಗೆ ಎಲ್ಲಾ ಗಣಿ ಬಂದ್ ಮಾಡಿದ್ದು ಸರಿನಾ? ತಪ್ಪು ಮಾಡದೇ ಇದ್ದವರು ಏನು ಮಾಡಬೇಕಿತ್ತು?

ನನಗೆ ಉತ್ತರಿಸೋಕೆ ಅತಿ ಕಷ್ಟವಾದ ಪ್ರಶ್ನೆ ಇದು.

2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ಪೂರ್ತಿ ನಿಂತಿತು. ಆಗಸ್ಟ್ 26ರಂದು ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೂ ಅದೇ ಆದೇಶ. ನಡುವೆ ಆಗಸ್ಟ್ 5ರಂದು ಕೇಂದ್ರ ಸರ್ಕಾರದ ಗಣಿ ಕಂಪನಿ ಎನ್‌ಎಂಡಿಸಿಗೆ ಮಾತ್ರ ತಿಂಗಳಿಗೆ 10 ಲಕ್ಷ ಟನ್ ತೆಗೆಯಲು ಬಿಟ್ಟರು. ಉಕ್ಕಿನ ಕಾರ್ಖಾನೆಗಳು ಪೂರ್ತಿ ನಿಲ್ಲಬಾರದು ಅಂತ.

ಆ ವರ್ಷದ ಮಳೆಗಾಲದಲ್ಲಿ ನಾನು ಹೊಸಪೇಟೆಯಿಂದ ಸಂಡೂರಿಗೆ ಹೋಗಿದ್ದೆ. ಹಿಂದಿನ ವರ್ಷ ಅದೇ ರಸ್ತೆಯಲ್ಲಿ ಲಾರಿಗಳ ಸಾಲು ದಾಟೋಕೆ ಗಂಟೆಗಟ್ಟಲೆ ಹಿಡಿದಿತ್ತು. ಬೇವಿನ ಎಲೆ ಕೂಡ ಕೆಂಪಗಿತ್ತು, ಹೋಟೆಲಿನ ಇಡ್ಲಿ ಮೇಲೆ ಧೂಳು ಕೂರುತ್ತೆ ಅಂತ ತಟ್ಟೆ ಮುಚ್ಚಿ ಕೊಡುತ್ತಿದ್ದರು. ಈ ಸಲ ರಸ್ತೆ ಖಾಲಿ. ಎಲೆ ಹಸಿರಾಗಿತ್ತು. ಮನೆಗಳ ಪಕ್ಕ ಲಾರಿಗಳು ನಿಂತಿದ್ದವು, ಕೆಲವಕ್ಕೆ ಟೈರ್ ಬಿಚ್ಚಿ ಕಲ್ಲಿನ ಮೇಲೆ ಇಟ್ಟಿದ್ದರು. ಟೈರ್ ಮಾರಿ ಒಂದು ಕಂತು ಕಟ್ಟಿದೆ ಅಂದರು ಒಬ್ಬ ಲಾರಿ ಮಾಲೀಕರು. "ಅಣ್ಣಾ, ಕಳ್ಳರ್ನ ಹಿಡೀಲಿ, ಬ್ಯಾಡ ಅನ್ನಲ್ಲ. ನಮ್ ಬಾಡಿಗಿ ಯಾಕ ನಿಲ್ಲಿಸಿದ್ರು?" ಅಂತ ಕೇಳಿದರು. ಹಸಿರೆಲೆಯನ್ನೂ ಆ ಮಾತನ್ನೂ ಒಟ್ಟಿಗೇ ನೆನಪಿಟ್ಟುಕೊಂಡಿದ್ದೇನೆ.

ಕೋರ್ಟಿನ ಕಾರಣ ಹೀಗಿತ್ತು: ಯಾವುದು ಸಕ್ರಮ, ಯಾವುದು ಅಕ್ರಮ ಅಂತ ಆ ದಿನ ಬೇರೆ ಮಾಡಲು ಬರುತ್ತಿರಲಿಲ್ಲ. ಒಂದು ಗಣಿಯ ಅದಿರು ಇನ್ನೊಂದು ಗಣಿಯ ಪರ್ಮಿಟ್‌ನಲ್ಲಿ ಹೋಗುತ್ತಿತ್ತು. ಅರ್ಧ ತೆರೆದಿಟ್ಟರೆ ಅಕ್ರಮದ್ದೂ ಅದೇ ಬಾಗಿಲಲ್ಲಿ ಹೋಗುತ್ತದೆ. ಈ ಮಾತನ್ನು ನಾನು ಒಪ್ಪುತ್ತೇನೆ. ಒಪ್ಪದೇ ಇರುವುದು ಆಮೇಲಿನ ಕಾಲವನ್ನು. ತಪ್ಪೇ ಇಲ್ಲ ಅಂತ ಸಿಇಸಿ 2012ರ ಫೆಬ್ರವರಿಯಲ್ಲಿ ಹೇಳಿದ ಗಣಿಗಳಲ್ಲೂ ಮೊದಲ 18ಕ್ಕೆ ಅನುಮತಿ ಸಿಕ್ಕಿದ್ದು ಆ ವರ್ಷದ ಸೆಪ್ಟೆಂಬರ್‌ನಲ್ಲಿ. ಆ ಏಳು ತಿಂಗಳಿಗೆ ಕೂಲಿಯವರಿಗೂ ಲಾರಿಯವರಿಗೂ ಬದಲಿ ವ್ಯವಸ್ಥೆ ಇರಲಿಲ್ಲ. ಅವರು ಆ ಕೇಸಿನಲ್ಲಿ ಪಕ್ಷಗಾರರೇ ಅಲ್ಲ. ಬಡವರಿಗಾಗಿ ಹುಟ್ಟಿದ ಪಿಐಎಲ್‌ನಲ್ಲಿ ಬಡವರ ಮಾತು ಕೇಳಿಸದೇ ಹೋಗುವುದು ಹೀಗೆ.

ಎ, ಬಿ, ಸಿ ಅಂತ ವಿಂಗಡಿಸಿದ್ದು ಹೇಗೆ? ಯಾವ ಲೆಕ್ಕದ ಮೇಲೆ?

ಒಟ್ಟು 166 ಗುತ್ತಿಗೆಗಳನ್ನು ಸಿಇಸಿ ಮೂರು ಗುಂಪು ಮಾಡಿತು. ಎ ಗುಂಪಿನಲ್ಲಿ 45, ಅಕ್ರಮ ಇಲ್ಲದ ಅಥವಾ ತೀರಾ ಸಣ್ಣ ತಪ್ಪಿನವು. ಬಿ ಗುಂಪಿನಲ್ಲಿ 72. ಸಿ ಗುಂಪಿನಲ್ಲಿ 49, ಭಾರೀ ಅಕ್ರಮದವು.

ಬಿ ಮತ್ತು ಸಿ ನಡುವಿನ ಗೆರೆ ಒಂದು ಶೇಕಡಾ ಲೆಕ್ಕ. ಗುತ್ತಿಗೆಯ ಗಡಿ ದಾಟಿ ತೋಡಿದ ಗುಂಡಿ, ಗುತ್ತಿಗೆ ಪ್ರದೇಶದ ಶೇ 10ರ ಒಳಗಿದ್ದರೆ ಬಿ. ಗಡಿಯಾಚೆ ಸುರಿದ ಮಣ್ಣಿನ ಗುಡ್ಡೆ ಶೇ 15ರ ಒಳಗಿದ್ದರೂ ಬಿ. ಯಾವುದಾದರೂ ಒಂದು ದಾಟಿದರೆ ಸಿ. ಅರಣ್ಯ ಸಂರಕ್ಷಣಾ ಕಾಯ್ದೆಯನ್ನು ರಾಜಾರೋಷವಾಗಿ ಮುರಿದವು, ಇನ್ನೊಬ್ಬರ ಗುತ್ತಿಗೆಗೆ ನುಗ್ಗಿ ತೋಡಿದವು ಕೂಡ ಸಿ ಗುಂಪಿಗೇ ಬಂದವು.

ಉದಾಹರಣೆಗೆ 40 ಹೆಕ್ಟೇರ್ ಗುತ್ತಿಗೆ ಅಂದುಕೊಳ್ಳಿ. ಗಡಿಯಾಚೆ 3 ಹೆಕ್ಟೇರ್ ಗುಂಡಿ ಇದೆ, ಅಂದರೆ ಶೇ 7.5. ಆಚೆ ಸುರಿದ ಮಣ್ಣು 5 ಹೆಕ್ಟೇರ್, ಅಂದರೆ ಶೇ 12.5. ಎರಡೂ ಗೆರೆಯ ಒಳಗೆ, ಹಾಗಾಗಿ ಬಿ. ಗುಂಡಿಗೆ ಹೆಕ್ಟೇರಿಗೆ 5 ಕೋಟಿ, ಮಣ್ಣಿಗೆ ಹೆಕ್ಟೇರಿಗೆ 1 ಕೋಟಿ ಪರಿಹಾರ ಕಟ್ಟಬೇಕು. ಒಟ್ಟು 20 ಕೋಟಿ. ಕಟ್ಟಿ, ಹಾಳಾದ ಜಾಗವನ್ನು ಸರಿಪಡಿಸುವ ಯೋಜನೆ ಒಪ್ಪಿಸಿದರೆ ಗಣಿ ಮತ್ತೆ ತೆರೆಯಬಹುದು. ಈಗ ಗುಂಡಿ 3ರ ಬದಲು 4.5 ಹೆಕ್ಟೇರ್ ಇತ್ತು ಅನ್ನಿ. ಶೇ 11.25 ಆಯಿತು. ಗುತ್ತಿಗೆಯೇ ರದ್ದು. ಒಂದೂವರೆ ಹೆಕ್ಟೇರಿನ ಅಂತರದಲ್ಲಿ ಗಣಿ ಉಳಿಯುತ್ತದೆ ಅಥವಾ ಹೋಗುತ್ತದೆ.

2013ರ ಏಪ್ರಿಲ್ 18ರಂದು ನ್ಯಾಯಮೂರ್ತಿ ಅಫ್ತಾಬ್ ಆಲಂ, ಕೆ.ಎಸ್. ರಾಧಾಕೃಷ್ಣನ್, ರಂಜನ್ ಗೊಗೊಯಿ ಅವರ ಪೀಠ ಈ ವಿಂಗಡಣೆಯನ್ನು ಒಪ್ಪಿ ತೀರ್ಪು ಕೊಟ್ಟಿತು. ಸಿ ಗುಂಪಿನ ಗುತ್ತಿಗೆಗಳು ರದ್ದಾದವು, ಅವನ್ನು ಹರಾಜಿಗಿಡಬೇಕು ಅಂತ ಆಯಿತು.

## ಟೀಕೆಯ ಭಾಗ

ಗಣಿ ಗುತ್ತಿಗೆ ರದ್ದು ಮಾಡೋಕೆ ಕಾಯ್ದೆನೇ ಇದೆಯಲ್ಲ. ಕೋರ್ಟ್ ಅದನ್ನು ಬದಿಗಿಟ್ಟಿದ್ದು ಹೇಗೆ?

ಗಣಿ ಮಾಲೀಕರು ಕೋರ್ಟಿನಲ್ಲಿ ಹೂಡಿದ ಮುಖ್ಯ ವಾದ ಇದೇ, ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. 1957ರ ಗಣಿ ಮತ್ತು ಖನಿಜ ಕಾಯ್ದೆ ಇದೆ, ಅರಣ್ಯ ಕಾಯ್ದೆ ಇದೆ. ಅವುಗಳ ಪ್ರಕಾರ ನೋಟಿಸ್ ಕೊಡಬೇಕು, ಪ್ರತಿಯೊಬ್ಬರ ಉತ್ತರ ಕೇಳಬೇಕು, ಅಧಿಕಾರಿ ಆದೇಶ ಮಾಡಬೇಕು, ಅದರ ಮೇಲೆ ಮೇಲ್ಮನವಿ ಇರಬೇಕು. ಇಲ್ಲಿ ಒಂದು ಸಮಿತಿ ವರದಿ ಕೊಟ್ಟಿತು, ದೇಶದ ಕೊನೆಯ ಕೋರ್ಟೇ ರದ್ದು ಮಾಡಿತು. ಅದರ ಮೇಲೆ ಹೋಗೋದು ಎಲ್ಲಿಗೆ? ಜೊತೆಗೆ, ಶೇ 10 ಅನ್ನುವ ಗೆರೆ ಯಾವ ಕಾಯ್ದೆಯಲ್ಲಿದೆ?

ಕೋರ್ಟ್ ಹೇಳಿದ್ದು ಹೀಗೆ: ಬಿಡಿ ಬಿಡಿ ತಪ್ಪಿಗೆ ಕಾಯ್ದೆಯ ದಾರಿ ಸರಿ. ಇಷ್ಟು ದೊಡ್ಡ ಪ್ರಮಾಣದಲ್ಲಿ ಪರಿಸರ ಹಾಳಾಗಿರುವಾಗ ಆ ದಾರಿ ಸಾಲದು. 32ನೇ ವಿಧಿಯ ಜೊತೆ, ಪೂರ್ಣ ನ್ಯಾಯಕ್ಕಾಗಿ ಬೇಕಾದ ಆದೇಶ ಮಾಡಬಹುದೆನ್ನುವ 142ನೇ ವಿಧಿಯೂ ಇದೆ. ಸಮಿತಿಯ ವರದಿಗೆ ಆಕ್ಷೇಪಣೆ ಹೇಳಲು ಎಲ್ಲರಿಗೂ ಅವಕಾಶ ಕೊಟ್ಟಿದ್ದೇವೆ ಅಂತಲೂ ಹೇಳಿತು.

ಫಲಿತಾಂಶ ನೋಡಿದರೆ ನಾನು ಕೋರ್ಟಿನ ಕಡೆ. ಆದರೆ ಮೇಲ್ಮನವಿ ಇಲ್ಲದ ಶಿಕ್ಷೆ ಅನ್ನುವ ಮಾತು ನನ್ನನ್ನು ಕಾಡುತ್ತದೆ. ಸರ್ವೆಯಲ್ಲಿ ಒಂದು ಹೆಕ್ಟೇರ್ ತಪ್ಪಾಗಿದ್ದರೆ ಅದನ್ನು ಸಾಕ್ಷಿ, ಪಾಟೀ ಸವಾಲಿನ ಮೂಲಕ ಕೆದಕಿ ನೋಡುವ ಜಾಗ ಯಾವುದೂ ಉಳಿದಿರಲಿಲ್ಲ. ಶೇ 10ರ ಬದಲು ಶೇ 12 ಯಾಕಲ್ಲ ಅನ್ನುವುದಕ್ಕೆ ತೀರ್ಪಿನಲ್ಲಿ ಸಿಗುವ ಉತ್ತರ, ಆ ಗೆರೆ ತರ್ಕಬದ್ಧವಾಗಿದೆ ಅನ್ನುವಷ್ಟೇ. ಶಾಸನಸಭೆ ಗೆರೆ ಎಳೆದರೆ ಕೋರ್ಟು ಅದನ್ನು ಪರೀಕ್ಷಿಸುತ್ತದೆ. ಕೋರ್ಟೇ ಗೆರೆ ಎಳೆದಾಗ ಪರೀಕ್ಷಿಸುವವರು ಇರಲ್ಲ.

ವರ್ಷಕ್ಕೆ ಎಷ್ಟು ಟನ್ ಅದಿರು ತೆಗೀಬೇಕು ಅಂತ ಜಡ್ಜ್ ಯಾಕೆ ಹೇಳಬೇಕು? ಅದು ಸರ್ಕಾರದ ಕೆಲಸ ಅಲ್ವಾ?

ಹೌದು, ನೀತಿ ಅಂದರೆ ಇದೇ. 2013ರ ತೀರ್ಪಿನ ನಂತರ ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್, ಚಿತ್ರದುರ್ಗ ಮತ್ತು ತುಮಕೂರಿಗೆ ಸೇರಿ 50 ಲಕ್ಷ ಟನ್ ಮಿತಿ ಇತ್ತು. ಒಂದೊಂದು ಗಣಿಯ ಮಿತಿಯನ್ನೂ ಬೇರೆಯಾಗಿ ಗೊತ್ತು ಮಾಡಿದರು. ನೆಲದಲ್ಲಿ ಅದಿರು ಎಷ್ಟಿದೆ, ತೆಗೆದ ಮಣ್ಣು ಸುರಿಯೋಕೆ ಜಾಗ ಎಷ್ಟಿದೆ, ರಸ್ತೆ ಎಷ್ಟು ಲಾರಿ ತಾಳುತ್ತದೆ, ಇವನ್ನು ನೋಡಿ. ಲೆಕ್ಕ ಹಾಕಿದ ಬಗೆ ಒಳ್ಳೆಯದೇ. ಇಷ್ಟು ವಿಚಾರ ಮಾಡಿ ಮಿತಿ ಹಾಕುವ ಕೆಲಸವನ್ನು ಸರ್ಕಾರ ಅದಕ್ಕೆ ಮುಂಚೆ ಮಾಡಿರಲೇ ಇಲ್ಲ.

ತೊಂದರೆ ಬಂದಿದ್ದು ಆಮೇಲೆ. ಮಿತಿಯನ್ನು ಕೋರ್ಟ್ ಹಾಕಿದ್ದರಿಂದ ಬದಲಾಯಿಸಲೂ ಕೋರ್ಟೇ ಬೇಕು. 2017ರ ಡಿಸೆಂಬರ್‌ನಲ್ಲಿ ಬಳ್ಳಾರಿಯ ಮಿತಿ 2.8 ಕೋಟಿ ಟನ್ನಿಗೆ, ಉಳಿದೆರಡು ಜಿಲ್ಲೆಗಳದ್ದು 70 ಲಕ್ಷ ಟನ್ನಿಗೆ ಏರಿತು. 2022ರ ಆಗಸ್ಟ್‌ನಲ್ಲಿ 3.5 ಕೋಟಿ ಮತ್ತು 1.5 ಕೋಟಿ ಟನ್. ಅದಿರನ್ನು ಇ-ಹರಾಜಿನಲ್ಲೇ ಮಾರಬೇಕು, ರಫ್ತು ಮಾಡಬಾರದು ಅನ್ನುವ ನಿಬಂಧನೆ ಹೋಗಿದ್ದು 2022ರ ಮೇ 20ರಂದು. 2011ರಲ್ಲಿ ತುರ್ತು ಅಂತ ಬಂದ ವ್ಯವಸ್ಥೆ 11 ವರ್ಷ ನಡೆಯಿತು. ಅಷ್ಟರಲ್ಲಿ ಪೀಠದ ನ್ಯಾಯಮೂರ್ತಿಗಳು ಎಷ್ಟೋ ಸಲ ಬದಲಾದರು.

ಈ ಪ್ರಕರಣದಲ್ಲಿ ನನಗೆ ದೊಡ್ಡ ಕೊರತೆಯಾಗಿ ಕಂಡದ್ದು ಇದು. ಕೋರ್ಟ್ ಒಳಗೆ ಬಂದ ದಿನವೇ, ಏನೇನು ಸರಿಯಾದರೆ ತಾನು ಹೊರಗೆ ಹೋಗುತ್ತೇನೆ ಅಂತ ಬರೆದಿಡಬೇಕಿತ್ತು. ಇಲಾಖೆಯ ಚೆಕ್‌ಪೋಸ್ಟ್‌ಗಳು ಕಂಪ್ಯೂಟರಿಗೆ ಸೇರಿದ ಮೇಲೆ, ಗಡಿ ಸರ್ವೆ ಮುಗಿದ ಮೇಲೆ, ಇಷ್ಟು ಗಣಿ ಪುನಶ್ಚೇತನವಾದ ಮೇಲೆ ಅಧಿಕಾರ ವಾಪಸ್, ಅಂತ. ಹಾಗೆ ಬರೆಯದಿದ್ದರೆ ಅಧಿಕಾರಿಗಳಿಗೆ ನಿರ್ಧಾರ ಮಾಡುವ ಅಭ್ಯಾಸವೇ ತಪ್ಪುತ್ತದೆ. ಏನು ಕೇಳಿದರೂ "ವಿಷಯ ಸುಪ್ರೀಂ ಕೋರ್ಟಿನಲ್ಲಿದೆ" ಅನ್ನುವ ಒಂದೇ ಉತ್ತರ ಬರುತ್ತದೆ.

ದಂಡ ಅಂತ ವಸೂಲಿ ಮಾಡಿದ ದುಡ್ಡು ಎಲ್ಲಿ ಹೋಯ್ತು? ನಮ್ಮೂರಿಗೆ ಒಂದು ಪೈಸೆ ಬರಲಿಲ್ಲ.

ಸಂಡೂರು ಕಡೆಯವರು ಇದನ್ನು ಸಿಟ್ಟಿನಲ್ಲೇ ಕೇಳುತ್ತಾರೆ, ಸಿಟ್ಟು ಬರುವಂಥದ್ದೇ. ಪರಿಹಾರದ ಹಣ, ಹರಾಜಾದ ಅದಿರಿನ ಹಣ, ಜೊತೆಗೆ ಎ ಗುಂಪಿನವರ ಮಾರಾಟದಲ್ಲಿ ಶೇ 10, ಬಿ ಗುಂಪಿನವರದ್ದರಲ್ಲಿ ಶೇ 15, ಇವೆಲ್ಲ ಗಣಿಬಾಧಿತ ಪ್ರದೇಶಕ್ಕೆ ಖರ್ಚಾಗಬೇಕು ಅಂತ ಆದೇಶವಿತ್ತು. ಅದಕ್ಕಾಗಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮವನ್ನು 2014ರಲ್ಲಿ ಮಾಡಿದರು. ಹಣ ಸೇರುತ್ತಾ ಹೋಯಿತು, ಬಡ್ಡಿಯೂ ಬೆಳೆಯಿತು.

ಖರ್ಚು ಮಾಡಲು ಯೋಜನೆ ಬೇಕು, ಯೋಜನೆಗೆ ಕೋರ್ಟಿನ ಒಪ್ಪಿಗೆ ಬೇಕು. ಸರ್ಕಾರ ಕೊಟ್ಟ ಯೋಜನೆಯಲ್ಲಿ ಇದು ಪರಿಸರಕ್ಕೆ ಸಂಬಂಧಿಸಿದ್ದಲ್ಲ ಅನ್ನುವ ಆಕ್ಷೇಪ, ತಿದ್ದುಪಡಿ, ಮತ್ತೆ ಕೋರ್ಟು. ಕೊನೆಗೆ 2022ರಲ್ಲಿ ನ್ಯಾಯಮೂರ್ತಿ ಬಿ. ಸುದರ್ಶನ್ ರೆಡ್ಡಿ ಅವರನ್ನು ಮೇಲುಸ್ತುವಾರಿಗೆ ನೇಮಿಸಿದ ಮೇಲೆ ಸುಮಾರು 25 ಸಾವಿರ ಕೋಟಿಯ ಯೋಜನೆ ಚಲಿಸತೊಡಗಿತು. ಅಷ್ಟರಲ್ಲಿ, ಧೂಳು ಕುಡಿದು ಬೆಳೆದ ಮಕ್ಕಳು ಕಾಲೇಜು ಮುಗಿಸಿದ್ದರು.

ಹಣವನ್ನು ರಕ್ಷಿಸಿ ಇಡುವುದು ಕೋರ್ಟಿಗೆ ಬರುತ್ತದೆ. ಯಾವ ಹಳ್ಳಿಗೆ ನೀರಿನ ಟ್ಯಾಂಕ್, ಎಲ್ಲಿ ಆಸ್ಪತ್ರೆ ಅಂತ ತೀರ್ಮಾನಿಸುವುದು ಪಂಚಾಯ್ತಿ, ಜಿಲ್ಲಾಡಳಿತಗಳಿಗೆ ಬರುವ ಕೆಲಸ. ಆ ಕೆಲಸವನ್ನು ದೆಹಲಿಯಲ್ಲಿ ಕೂತು ಮಾಡಹೊರಟರೆ ಹೀಗಾಗುತ್ತದೆ.

ಹಾಗಾದ್ರೆ ಕೋರ್ಟ್ ಮಿತಿ ಮೀರಿದೆ ಅಂತ ಗುರುತಿಸೋದು ಹೇಗೆ? ನಮಗಿಷ್ಟವಿಲ್ಲದ ತೀರ್ಪೆಲ್ಲ ಮಿತಿ ಮೀರಿದ್ದು ಅನ್ನೋಕಾಗಲ್ವಲ್ಲ?

ಹೋಲಿಕೆಗೆ ಇನ್ನೊಂದು ಪ್ರಕರಣ ಇಡುತ್ತೇನೆ. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್, ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳ 500 ಮೀಟರ್ ಒಳಗೆ ಮದ್ಯ ಮಾರಬಾರದು ಅಂತ ಆದೇಶಿಸಿತು. ಕುಡಿದು ಓಡಿಸುವವರಿಂದ ಸಾವು ತಪ್ಪಿಸುವ ಉದ್ದೇಶ. ಯಾರಿಗೂ ತಕರಾರಿಲ್ಲ.

2017ರ ಮಾರ್ಚ್ 31ರಂದು ಅದೇ ಕೋರ್ಟ್, 20 ಸಾವಿರದೊಳಗೆ ಜನ ಇರುವ ಊರುಗಳಲ್ಲಿ 220 ಮೀಟರ್ ಸಾಕು ಅಂತ ಬದಲಿಸಿತು. ಜುಲೈ ಒಂದರಿಂದ ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಬಾರ್‌ಗಳು ಬಾಗಿಲು ಹಾಕಿದವು, ಯಾಕೆಂದರೆ ಕಾಗದದಲ್ಲಿ ಅದೂ ಹೆದ್ದಾರಿ. ರಾಜ್ಯಗಳು ಊರೊಳಗಿನ ರಸ್ತೆಗಳನ್ನು ಹೆದ್ದಾರಿ ಪಟ್ಟಿಯಿಂದ ತೆಗೆಯುವ ದಾರಿ ಹುಡುಕಿದವು. ಜುಲೈ 11ರಂದು ಕೋರ್ಟ್, ನಗರಸಭೆಗಳ ವ್ಯಾಪ್ತಿಗೆ ಈ ಆದೇಶ ಅನ್ವಯಿಸಲ್ಲ ಅಂತ ಹೇಳಿತು. ಏಳು ತಿಂಗಳಲ್ಲಿ ಮೂರು ರೂಪ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬಳ್ಳಾರಿಯಲ್ಲಿ ಕಾನೂನು ಇತ್ತು, ಅದನ್ನು ಮುರಿಯಲಾಗುತ್ತಿತ್ತು, ಇಲಾಖೆ ಕೈಕಟ್ಟಿ ಕೂತಿತ್ತು. ಕೋರ್ಟ್ ಬಂದದ್ದು ಇದ್ದ ಕಾನೂನನ್ನು ನಡೆಸಲು. ಮೊದಲು ಸರ್ವೆ ಮಾಡಿಸಿ ನೆಲದ ಸ್ಥಿತಿ ತಿಳಿದುಕೊಂಡಿತು. ಮದ್ಯದ ಪ್ರಕರಣದಲ್ಲಿ ಅಂಗಡಿಗಳಿಗೆ ಅಬಕಾರಿ ಕಾಯ್ದೆಯ ಪ್ರಕಾರವೇ ಲೈಸೆನ್ಸ್ ಇತ್ತು. ಇಲ್ಲದ ನಿಯಮವೊಂದನ್ನು ಕೋರ್ಟೇ ಮಾಡಿ, ಬೆಟ್ಟದ ಊರು, ಸಣ್ಣ ಊರು, ದೊಡ್ಡ ನಗರ ಎಲ್ಲಕ್ಕೂ ಒಂದೇ ಅಳತೆ ಹಿಡಿಯಿತು. ಹೊಸ ಆದೇಶವನ್ನು ಬೇಗಬೇಗ ತಿದ್ದಬೇಕಾಗಿ ಬಂದರೆ, ಅದು ಕೋರ್ಟಿನ ಕೈಗೆ ಒಗ್ಗದ ಕೆಲಸ ಅಂತ ನಾನು ತಿಳಿಯುತ್ತೇನೆ.

ಇನ್ನೂ ಒಂದು ಬಗೆ ಇದೆ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳದ ಬಗ್ಗೆ ಕಾನೂನೇ ಇಲ್ಲದಿದ್ದಾಗ, 1997ರ ವಿಶಾಖ ತೀರ್ಪಿನಲ್ಲಿ ಕೋರ್ಟ್ ಮಾರ್ಗಸೂಚಿ ಕೊಟ್ಟಿತು. ಕಾನೂನು ಬರುವವರೆಗೆ ಮಾತ್ರ ಇದು ಅಂತ ಅದರಲ್ಲೇ ಬರೆದಿತ್ತು. ಸಂಸತ್ತು 2013ರಲ್ಲಿ ಕಾಯ್ದೆ ತಂದಿತು, ಮಾರ್ಗಸೂಚಿಯ ಕೆಲಸ ಮುಗಿಯಿತು. ಹೊರಗೆ ಹೋಗುವ ಬಾಗಿಲು ಇಟ್ಟುಕೊಂಡು ಒಳಗೆ ಬರುವುದು ಅಂದರೆ ಇದು.

ಕೋರ್ಟ್ ತನ್ನ ಮೇಲೆ ತಾನೇ ಲಗಾಮು ಹಾಕಿಕೊಂಡಿದೆಯಾ?

ಮಾತಿನಲ್ಲಿ ಹಲವು ಸಲ ಹಾಕಿಕೊಂಡಿದೆ. 2001ರ ಬಾಲ್ಕೊ ತೀರ್ಪಿನಲ್ಲಿ, ಸರ್ಕಾರದ ಆರ್ಥಿಕ ನೀತಿಯನ್ನು ಪ್ರಶ್ನಿಸಲು ಪಿಐಎಲ್ ಆಯುಧವಲ್ಲ ಅಂತ ಹೇಳಿತು. 2007ರಲ್ಲಿ ಅರಾವಳಿ ಗಾಲ್ಫ್ ಕ್ಲಬ್ ಪ್ರಕರಣದಲ್ಲಿ, ನ್ಯಾಯಾಧೀಶರು ತಮ್ಮ ಮಿತಿ ತಿಳಿದಿರಬೇಕು, ಚಕ್ರವರ್ತಿಗಳ ಹಾಗೆ ನಡೆದುಕೊಳ್ಳಬಾರದು ಎಂದು ಖಡಕ್ಕಾಗಿ ಬರೆಯಿತು.

ಅರ್ಜಿದಾರರಿಗೆ ಲಗಾಮು ಬಂದಿದ್ದು 2010ರ ಬಲವಂತ್ ಸಿಂಗ್ ಚೌಫಾಲ್ ತೀರ್ಪಿನಲ್ಲಿ. ಉತ್ತರಾಖಂಡದ ಅಡ್ವೊಕೇಟ್ ಜನರಲ್‌ಗೆ 62 ದಾಟಿದೆ, ನೇಮಕ ತಪ್ಪು ಅಂತ ಯಾರೋ ಪಿಐಎಲ್ ಹಾಕಿದ್ದರು. ಆ ವಿಷಯ 1950ರ ದಶಕದಲ್ಲೇ ತೀರ್ಮಾನವಾಗಿತ್ತು. ಕೋರ್ಟ್ ಒಂದು ಲಕ್ಷ ದಂಡ ಹಾಕಿತು. ಅರ್ಜಿದಾರ ಯಾರು, ಹೇಳಿದ್ದು ಮೇಲ್ನೋಟಕ್ಕಾದರೂ ನಿಜವಾ, ಸ್ವಂತ ಲಾಭ ಇದೆಯಾ ಅಂತ ಮೊದಲೇ ನೋಡಬೇಕು, ಪ್ರತಿ ಹೈಕೋರ್ಟೂ ಇದಕ್ಕೆ ನಿಯಮ ಮಾಡಬೇಕು ಅಂದಿತು. ಕರ್ನಾಟಕ ಹೈಕೋರ್ಟಿನ ಪಿಐಎಲ್ ನಿಯಮಗಳು 2018ರಲ್ಲಿ ಬಂದವು.

ಆದರೆ ಲಗಾಮಿನ ತೀರ್ಪು ಬಂದ ಮೇಲೂ ಹೆದ್ದಾರಿಯ ಆದೇಶ ಬಂತು ನೋಡಿ. ಮಿತಿ ಎಲ್ಲಿ ಅನ್ನೋದು ಆ ದಿನದ ಪೀಠದ ಮೇಲೆ ನಿಂತಿದೆ.

ನಮ್ಮೂರ ಕೆರೆಗೆ ಕೊಳಚೆ ಬಿಡ್ತಿದ್ದಾರೆ. ಪಿಐಎಲ್ ಹಾಕಬಹುದಾ? ಕೋರ್ಟಿಗೆ ಏನು ಕೇಳಬೇಕು?

ಹಾಕಬಹುದು, ಆದರೆ ಅದು ಮೊದಲ ಹೆಜ್ಜೆ ಆಗಬಾರದು. ಮೊದಲು ಪಂಚಾಯ್ತಿಗೋ ನಗರಸಭೆಗೋ, ಮಾಲಿನ್ಯ ನಿಯಂತ್ರಣ ಮಂಡಳಿಗೆ, ಜಿಲ್ಲಾಧಿಕಾರಿಗೆ ಲಿಖಿತ ಮನವಿ ಕೊಡಿ. ಸ್ವೀಕೃತಿ ಮುದ್ರೆ ಹಾಕಿಸಿಕೊಂಡ ಪ್ರತಿ ಇಟ್ಟುಕೊಳ್ಳಿ. ಕೆರೆಯ ಸರ್ವೆ ನಂಬರ್, ಕೆರೆಯ ನಕ್ಷೆ, ನೀರಿನ ಪರೀಕ್ಷಾ ವರದಿಗಳನ್ನು ಮಾಹಿತಿ ಹಕ್ಕಿನಲ್ಲಿ ತೆಗೆಸಿ. ದಿನಾಂಕ ಇರುವ ಫೋಟೊ ತೆಗೆಯಿರಿ. ಮನವಿ ಕೊಟ್ಟರೂ ಇಲಾಖೆ ಅಲ್ಲಾಡಲಿಲ್ಲ ಅನ್ನುವುದನ್ನು ಈ ಕಾಗದಗಳೇ ತೋರಿಸಬೇಕು. ಅದಿಲ್ಲದೆ ಹೋದರೆ "ಮೊದಲು ಅಧಿಕಾರಿಗೆ ಮನವಿ ಕೊಡಿ" ಅಂತ ಹೇಳಿ ಅರ್ಜಿ ಮುಗಿಸುವುದು ಮಾಮೂಲು.

ಅರ್ಜಿಯಲ್ಲಿ ನೀವು ಯಾರು, ಈ ವಿಷಯದಲ್ಲಿ ನಿಮಗೆ ಸ್ವಂತ ಲಾಭ ಇಲ್ಲ ಅನ್ನುವುದನ್ನು ಪ್ರಮಾಣ ಮಾಡಿ ಹೇಳಬೇಕು. ಕೆರೆ ಪಕ್ಕ ನಿಮ್ಮದೇ ಜಮೀನಿದ್ದರೆ ಮುಚ್ಚಿಡಬೇಡಿ, ಎದುರಿನ ವಕೀಲರು ಅದನ್ನೇ ಮೊದಲು ಎತ್ತುತ್ತಾರೆ.

ಇನ್ನು ಏನು ಕೇಳಬೇಕು ಅನ್ನುವುದು. "ಕೆರೆಯನ್ನು ಉಳಿಸಿ" ಅಂತ ಕೇಳಿದರೆ ಕೋರ್ಟ್ ತಾನೇ ಯೋಜನೆ ಮಾಡಬೇಕಾಗುತ್ತದೆ, ಸಮಿತಿ ಬರುತ್ತದೆ, ಕೇಸ್ ವರ್ಷಗಟ್ಟಲೆ ಎಳೆಯುತ್ತದೆ. ಅದರ ಬದಲು ಇಂಥ ಕಾಯ್ದೆಯ ಇಂಥ ಕಲಂ ಪ್ರಕಾರ ಕೊಳಚೆ ಪೈಪ್ ತಡೆಯುವ ಕೆಲಸ ಇಂಥ ಅಧಿಕಾರಿಯದ್ದು, ಮೂರು ತಿಂಗಳಲ್ಲಿ ಅದನ್ನು ಮಾಡಿ ವರದಿ ಕೊಡಲು ನಿರ್ದೇಶಿಸಿ, ವರದಿ ಬಂದು ಪೈಪ್ ಮುಚ್ಚಿದ ಮೇಲೆ ಅರ್ಜಿ ಮುಗಿಸಿ ಅಂತ ಕೇಳಿ.